ರೂಟರ್‌ನಲ್ಲಿ ಎಲ್ಲ ಸರಿ, ಹೊರಗಿನಿಂದ ಮಾತ್ರ ಏನೂ ಬರಲ್ಲ: ತಿಪಟೂರಿನ ಒಂದು ಸಿಜಿನ್ಯಾಟ್ ಪ್ರಕರಣ

ತಿಪಟೂರಿನ ಒಂದು ಕೊಬ್ಬರಿ ಮಂಡಿ. ಹಿಂದುಗಡೆ ಗೋದಾಮು, ಅಲ್ಲಿ ಎಂಟು ಕ್ಯಾಮೆರಾ, ಎಲ್ಲಕ್ಕೂ ಸೇರಿ ಒಂದು ಹಳೆಯ ಡಿವಿಆರ್. ಮಾಲೀಕರು ಬೆಂಗಳೂರಿನಲ್ಲಿದ್ದರೂ ಮೊಬೈಲ್‌ನಲ್ಲಿ ಗೋದಾಮು ನೋಡುತ್ತಿದ್ದರು. ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇದ್ದ ಕಾಲಕ್ಕೆ ಇದು ವರ್ಷಗಟ್ಟಲೆ ನಡೆದಿತ್ತು. ಆಮೇಲೆ ಊರಿನ ಒಬ್ಬ ಆಪರೇಟರ್‌ನಿಂದ ಫೈಬರ್ ಹಾಕಿಸಿದರು. ವೇಗ ಜಾಸ್ತಿ, ಬಿಲ್ಲು ಕಡಿಮೆ. ಆದರೆ ಅವತ್ತಿನಿಂದ ಮೊಬೈಲ್‌ನಲ್ಲಿ ಕ್ಯಾಮೆರಾ ಕಾಣಲಿಲ್ಲ.

ಕ್ಯಾಮೆರಾ ಹಾಕಿದ ಹುಡುಗ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ್ದ. ಹಳೆಯ ರೂಟರ್‌ನಲ್ಲಿದ್ದ ಪೋರ್ಟ್ ಫಾರ್ವರ್ಡಿಂಗ್ ನಿಯಮವನ್ನು, ಅಂದರೆ ಹೊರಗಿನಿಂದ ಬಂದ ಕರೆಯನ್ನು ಡಿವಿಆರ್‌ಗೆ ದಾಟಿಸುವ ನಿಯಮವನ್ನು, ಹೊಸದಕ್ಕೆ ಹಾಗೇ ಇಳಿಸಿದ್ದ. ಅದು ಕೆಲಸ ಮಾಡದಿದ್ದಾಗ 8000 ಬಿಟ್ಟು ಬೇರೆ ಪೋರ್ಟ್ ನೋಡಿದ್ದ. ಹೊರಗಿನಿಂದ ಬಂದದ್ದನ್ನೆಲ್ಲ ಡಿವಿಆರ್‌ಗೇ ಕಳಿಸುವ ಡಿಎಂಝಡ್ ಆನ್ ಮಾಡಿದ್ದ. ಕೊನೆಗೆ ರೂಟರನ್ನೇ ಬದಲಾಯಿಸಿದ್ದ. ಅವನ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಡೆ ಬೈಗುಳ ತಿನ್ನುವುದು ಯಾವಾಗಲೂ ಕ್ಯಾಮೆರಾದವನೇ. ಆದರೆ ತೊಂದರೆ ಇದ್ದದ್ದು ಅವನ ಕೈಗೆ ಸಿಗದ ಜಾಗದಲ್ಲಿ, ಆಪರೇಟರ್‌ನ ಕಂಟ್ರೋಲ್ ರೂಮಿನಲ್ಲಿ, ಹಲವು ಗ್ರಾಹಕರಿಗೆ ಒಂದೇ ವಿಳಾಸ ಹಂಚುವ ಸಿಜಿನ್ಯಾಟ್ ಯಂತ್ರದಲ್ಲಿ. ಅದು ಅಲ್ಲೇ ಇದೆ ಎಂದು ಅಂಗಡಿಯಲ್ಲಿ ಕೂತೇ ಹೇಗೆ ಸಾಬೀತು ಮಾಡುವುದು ಎಂಬುದೇ ಈ ಪ್ರಕರಣದ ಮುಖ್ಯ ಭಾಗ.

(ಕೆಳಗಿನ ಐಪಿ ವಿಳಾಸಗಳನ್ನು ಬದಲಾಯಿಸಿದ್ದೇನೆ. ಉಳಿದದ್ದು ಕಂಡದ್ದು ಕಂಡ ಹಾಗೇ.)

ಮೊದಲು ಅಂಗಡಿಯ ಒಳಗೆ

ಅಂಗಡಿಯ ವೈಫೈನಲ್ಲಿ ಲ್ಯಾಪ್‌ಟಾಪ್ ಸೇರಿಸಿ `192.168.1.64` ತೆರೆದರೆ ಡಿವಿಆರ್ ಚೆನ್ನಾಗಿಯೇ ಬಂತು. ಆದರೆ ಇಷ್ಟು ಸಾಲದು. ಡಿವಿಆರ್‌ನ ನೆಟ್‌ವರ್ಕ್ ಪುಟದಲ್ಲಿ ಗೇಟ್‌ವೇ ಖಾಲಿ ಇದ್ದರೆ ಅಥವಾ ಹಳೆಯ ರೂಟರ್‌ನ ವಿಳಾಸ ಉಳಿದುಕೊಂಡಿದ್ದರೆ, ಒಳಗಿನಿಂದ ಎಲ್ಲ ಕಾಣುತ್ತದೆ, ಹೊರಗಿನವರಿಗೆ ಉತ್ತರ ಮಾತ್ರ ಹೋಗುವುದಿಲ್ಲ. ಕನೆಕ್ಷನ್ ಬದಲಾದ ಮೇಲೆ ಕ್ಯಾಮೆರಾ ನಿಂತರೆ ಅರ್ಧಕ್ಕರ್ಧ ಸಲ ಇದೇ ಕಾರಣ. ಇಲ್ಲಿ ಗೇಟ್‌ವೇ `192.168.1.1` ಅಂತ ಸರಿಯಾಗೇ ಇತ್ತು. ರೂಟರ್‌ನ ನಿಯಮವೂ ಸರಿ: ಹೊರಗಿನ 8000ಕ್ಕೆ ಬಂದದ್ದು `192.168.1.64`ರ 8000ಕ್ಕೆ.

ಡಿವಿಆರ್ ತೆರೆಯ ಮೇಲೆ ಯುಪಿಎನ್‌ಪಿ ಸಾಲಿನಲ್ಲೂ ಹಸಿರು ಗುರುತು ಇತ್ತು. ಡಿಡಿಎನ್‌ಎಸ್ ಕೂಡ ಆನ್‌ಲೈನ್ ಎಂದು ತೋರಿಸುತ್ತಿತ್ತು. ಇವೆರಡೂ ಸುಳ್ಳು ಹೇಳುತ್ತಿರಲಿಲ್ಲ. ಪೋರ್ಟ್ ತೆರೆದುಕೊಡು ಎಂದು ಯುಪಿಎನ್‌ಪಿ ಮಾತಾಡುವುದು ಪಕ್ಕದ ರೂಟರ್ ಜೊತೆ ಮಾತ್ರ. ಅದು ಒಪ್ಪಿದರೆ ಹಸಿರು ಬರುತ್ತದೆ. ಡಿಡಿಎನ್‌ಎಸ್ ನಮ್ಮ ಹೆಸರಿಗೆ ಒಂದು ವಿಳಾಸ ಜೋಡಿಸಿಡುತ್ತದೆ, ಅಷ್ಟೇ. ಆ ವಿಳಾಸಕ್ಕೆ ಬಂದವರು ಅಂಗಡಿಯ ತನಕ ಬರಬಲ್ಲರೇ ಎಂದು ಎರಡರಲ್ಲಿ ಒಂದೂ ನೋಡುವುದಿಲ್ಲ.

ಎರಡು ವಿಳಾಸ ಪಕ್ಕಪಕ್ಕ ಇಟ್ಟು ನೋಡಿ

ರೂಟರ್‌ನ ಸ್ಟೇಟಸ್ ಪುಟ ತೆರೆದೆ. ಆಪರೇಟರ್ ಕಡೆಯಿಂದ ರೂಟರಿಗೆ ಸಿಕ್ಕ ವಿಳಾಸ ತೋರಿಸುವ ವ್ಯಾನ್ ಐಪಿ ಎಂಬ ಸಾಲಿನಲ್ಲಿ `100.72.18.41` ಇತ್ತು. ಅದೇ ಲ್ಯಾಪ್‌ಟಾಪ್‌ನಿಂದ, ನಮ್ಮ ಐಪಿ ಯಾವುದೆಂದು ತೋರಿಸುವ ಒಂದು ಸೈಟಿಗೆ ಹೋದರೆ `203.0.113.77` ಬಂತು.

ಎರಡೂ ಒಂದೇ ಆಗಿರಬೇಕಿತ್ತು. ಹಳೆಯ ಕನೆಕ್ಷನ್‌ನಲ್ಲಿ ಒಂದೇ ಆಗಿದ್ದವು. ಬೇರೆ ಬೇರೆ ಇವೆ ಎಂದರೆ, ನಮ್ಮ ರೂಟರ್ ದಾಟಿದ ಮೇಲೆ ಇನ್ನೊಂದು ಕಡೆ ವಿಳಾಸ ಬದಲಾಗುತ್ತಿದೆ.

ಮೊದಲ ವಿಳಾಸ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೇಳುತ್ತದೆ. `100.64.0.0`ದಿಂದ `100.127.255.255`ರವರೆಗಿನ ಸಾಲನ್ನು 2012ರಲ್ಲಿ ಆರ್‌ಎಫ್‌ಸಿ 6598 ಎಂಬ ದಾಖಲೆಯಲ್ಲಿ ಈ ಒಂದೇ ಕೆಲಸಕ್ಕೆ ತೆಗೆದಿಟ್ಟರು: ಇಂಟರ್‌ನೆಟ್ ಕಂಪನಿ ತನ್ನ ಗ್ರಾಹಕರಿಗೂ ವಿಳಾಸ ಬದಲಾಯಿಸುವ ತನ್ನ ದೊಡ್ಡ ನ್ಯಾಟ್ ಯಂತ್ರಕ್ಕೂ ನಡುವೆ ಬಳಸಿಕೊಳ್ಳಲಿ ಎಂದು. ಆ ಯಂತ್ರಕ್ಕೇ ಕ್ಯಾರಿಯರ್ ಗ್ರೇಡ್ ನ್ಯಾಟ್, ಚಿಕ್ಕದಾಗಿ ಸಿಜಿನ್ಯಾಟ್ ಎನ್ನುತ್ತಾರೆ. ಸುಮ್ನೆ 100 ಅಂತ ಶುರುವಾದರೆ ಸಾಲದು, ಎರಡನೆಯ ಅಂಕಿ 64ರಿಂದ 127ರ ಒಳಗಿರಬೇಕು. ಅದರಾಚೆಯ 100ರ ವಿಳಾಸಗಳು ಮಾಮೂಲಿ ಪಬ್ಲಿಕ್ ವಿಳಾಸಗಳೇ.

ಎಲ್ಲ ಆಪರೇಟರ್‌ಗಳೂ ಈ ಸಾಲನ್ನೇ ಬಳಸುವುದಿಲ್ಲ. ಎಷ್ಟೋ ಕಡೆ ವ್ಯಾನ್ ಐಪಿ 10ರಿಂದ ಶುರುವಾಗುತ್ತದೆ. ಅದೂ ಬಹುತೇಕ ಸಿಜಿನ್ಯಾಟೇ. ಆದರೆ ವ್ಯಾನ್ ಐಪಿ 192.168 ಎಂದು ಕಂಡರೆ ತಕ್ಷಣ ಆಪರೇಟರ್‌ಗೆ ಫೋನ್ ಮಾಡಬೇಡಿ. ಗೋಡೆಯ ಮೇಲಿರುವ ಫೈಬರ್ ಡಬ್ಬಿಯೇ ಒಂದು ರೂಟರ್ ಆಗಿ ಕೆಲಸ ಮಾಡುತ್ತಿರಬಹುದು. ಆಗ ಎರಡು ನ್ಯಾಟೂ ನಿಮ್ಮ ಮನೆಯೊಳಗೇ ಇವೆ. ಆ ಡಬ್ಬಿಯನ್ನು ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಮೇಲೆ ವ್ಯಾನ್ ಐಪಿ ಮತ್ತೆ ನೋಡಿ. ಒಳಗಿನ ಡಬಲ್ ನ್ಯಾಟ್ ನಮ್ಮ ಕೈಯಲ್ಲೇ ಸರಿಹೋಗುತ್ತದೆ, ಕಂಪನಿಯದ್ದು ಹೋಗುವುದಿಲ್ಲ. ಈ ವ್ಯತ್ಯಾಸ ಮೊದಲೇ ಗೊತ್ತಾದರೆ ಎಷ್ಟೋ ಜಗಳ ತಪ್ಪುತ್ತದೆ.

ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗುತ್ತದೆಂದು ತೋರಿಸುವ ಟ್ರೇಸ್‌ರೂಟ್ ಕೂಡ ಓಡಿಸಿದೆ. ಬೇರೆ ಎಲ್ಲಿಗೋ ಅಲ್ಲ, ನಮ್ಮದೇ ಎಂದು ಆ ಸೈಟ್ ತೋರಿಸಿದ ವಿಳಾಸಕ್ಕೆ.

```
$ traceroute -n 203.0.113.77
 1  192.168.1.1   1.2 ms
 2  100.72.0.1    3.9 ms
 3  * * *
```

ಆ ವಿಳಾಸ ನಿಜವಾಗಿ ನಮ್ಮ ರೂಟರ್ ಮೇಲೆ ಇದ್ದಿದ್ದರೆ ಮೊದಲ ಸಾಲಿಗೇ ಪ್ರಯಾಣ ಮುಗಿಯಬೇಕಿತ್ತು. ಅದು ರೂಟರ್ ದಾಟಿ ಆಪರೇಟರ್‌ನ ಜಾಲದೊಳಕ್ಕೆ ಹೋಯಿತು. ಒಂದು ಎಚ್ಚರಿಕೆ: ಬೇರೆ ಯಾವುದೋ ಸೈಟಿನ ಟ್ರೇಸ್‌ರೂಟ್ ನಡುವೆ 100.64ರ ಸಾಲಿನ ವಿಳಾಸ ಕಂಡಿತೆಂದು ಸಿಜಿನ್ಯಾಟ್ ಎಂದು ತೀರ್ಮಾನಿಸಬಾರದು. ಕಂಪನಿಗಳು ತಮ್ಮ ಒಳಗಿನ ಕೊಂಡಿಗಳಿಗೂ ಇವನ್ನು ಹಾಕಿಕೊಳ್ಳುತ್ತವೆ. ನಂಬಬೇಕಾದದ್ದು ವ್ಯಾನ್ ಐಪಿಯನ್ನು.

ಪ್ಯಾಕೆಟ್ ಬಂತೇ, ಬರಲಿಲ್ಲವೇ?

ಇಷ್ಟು ಸಾಕು, ಆದರೂ ಮಾಲೀಕರಿಗೆ ಕಣ್ಣಾರೆ ತೋರಿಸಬೇಕಿತ್ತು. ಎರಡನೆಯ ಸಲ ತಂದ ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಇತ್ತು, ಹಾಗಾಗಿ ವ್ಯಾನ್ ಬಾಗಿಲಲ್ಲೇ ಕಾವಲು ಕೂರಬಹುದಿತ್ತು. ರೂಟರ್‌ನಲ್ಲಿ ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ tcpdump ಅನ್ನು ಹೀಗೆ ಓಡಿಸಿದೆ:

```
tcpdump -ni pppoe-wan tcp dst port 8000
```

ನಿಯಮ ಸರಿಯಿರಲಿ ತಪ್ಪಿರಲಿ, ಫೈರ್‌ವಾಲ್ ಬಿಡಲಿ ತಡೆಯಲಿ, ಹೊರಗಿನಿಂದ ಪ್ಯಾಕೆಟ್ ಬಂದರೆ ಇಲ್ಲಿ ಒಂದು ಸಾಲು ಮೂಡಲೇಬೇಕು. ಫೈರ್‌ವಾಲ್ ನೋಡುವ ಮೊದಲೇ tcpdump ನೋಡಿರುತ್ತದೆ. ಆಮೇಲೆ ಮಾಲೀಕರ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಕ್ಯಾಮೆರಾ ಆ್ಯಪ್ ತೆರೆಯಲು ಹೇಳಿದೆ. ವೈಫೈ ಆರಿಸುವುದು ಮುಖ್ಯ. ಅಂಗಡಿಯ ಒಳಗಿನಿಂದಲೇ ಹೊರಗಿನ ವಿಳಾಸಕ್ಕೆ ಹೋಗಿ ಪರೀಕ್ಷೆ ಮಾಡಿದರೆ ಉತ್ತರ ಏನೇ ಬಂದರೂ ನಂಬುವಂತಿಲ್ಲ.

ಆ್ಯಪ್ ಸುತ್ತುತ್ತಾ ಇತ್ತು. ರೂಟರ್ ತೆರೆಯಲ್ಲಿ ಒಂದು ಸಾಲೂ ಬರಲಿಲ್ಲ. tcpdump ಸರಿಯಾಗಿ ಹಿಡಿಯುತ್ತಿದೆಯೇ ಎಂದು ತಿಳಿಯಲು ಫಿಲ್ಟರ್ ತೆಗೆದು ನೋಡಿದರೆ ಅಂಗಡಿಯ ಬೇರೆಲ್ಲ ಓಡಾಟ ಧಾರಾಳವಾಗಿ ಕಾಣುತ್ತಿತ್ತು. ಮತ್ತೆ ಫಿಲ್ಟರ್ ಹಾಕಿದರೆ ಮತ್ತೆ ಖಾಲಿ.

"ಅಂದ್ರೆ ನಮ್ಮ ರೂಟರ್ ಬಾಗಿಲು ತೆಗೆದು ಕೂತಿದೆ, ಬರೋರೇ ಇಲ್ಲ ಅನ್ನಿ ಸರ್," ಎಂದರು ಮಾಲೀಕರು.

"ಹೌದು ಯಜಮಾನ್ರೇ. ಬರೋರನ್ನ ಹಿಂದೆಯೇ ತಡೀತಿದ್ದಾರೆ."

ಹಿಂದೆ ಆಗುತ್ತಿದ್ದದ್ದು ಏನು

ನ್ಯಾಟ್ ಎಂದರೆ ಒಂದು ಪಟ್ಟಿ. ಒಳಗಿನಿಂದ ಯಾರಾದರೂ ಹೊರಟಾಗ ಪಟ್ಟಿಯಲ್ಲಿ ಒಂದು ಸಾಲು ಬೀಳುತ್ತದೆ. ಉತ್ತರ ಬಂದಾಗ ಆ ಸಾಲು ನೋಡಿ ಒಳಕ್ಕೆ ತಲುಪಿಸುತ್ತದೆ. ಸಿಜಿನ್ಯಾಟ್ ಇದ್ದರೆ ಇಂಥ ಪಟ್ಟಿ ಎರಡು. ಡಿವಿಆರ್ ತಾನಾಗಿ ಹೊರಗಿನ ಒಂದು ಸರ್ವರಿಗೆ ಹೊರಟಿತು ಎನ್ನಿ:

```
ಡಿವಿಆರ್        192.168.1.64:51000
ನಮ್ಮ ರೂಟರ್     100.72.18.41:51000
ಸಿಜಿನ್ಯಾಟ್      203.0.113.77:23418
```

ಸರ್ವರಿಗೆ ಕಾಣುವುದು ಕೊನೆಯ ಸಾಲು ಮಾತ್ರ. ಅದು 23418ಕ್ಕೆ ಉತ್ತರಿಸುತ್ತದೆ. ಸಿಜಿನ್ಯಾಟ್ ತನ್ನ ಪಟ್ಟಿ ನೋಡಿ ನಮ್ಮ ರೂಟರಿಗೆ ಕಳಿಸುತ್ತದೆ, ರೂಟರ್ ತನ್ನ ಪಟ್ಟಿ ನೋಡಿ ಡಿವಿಆರ್‌ಗೆ ಕಳಿಸುತ್ತದೆ. ಬ್ರೌಸಿಂಗ್, ವಿಡಿಯೊ, ಪೇಮೆಂಟ್ ಎಲ್ಲ ಹೀಗೇ ನಡೆಯುತ್ತವೆ. ಹಾಗಾಗಿ ಅಂಗಡಿಯಲ್ಲಿ ಯಾರಿಗೂ ತೊಂದರೆಯ ವಾಸನೆಯೇ ಬಂದಿರಲಿಲ್ಲ.

ಈಗ ಫೋನಿನಿಂದ `203.0.113.77`ರ 8000ಕ್ಕೆ ಕರೆ ಬಂತು ಎನ್ನಿ. ಇದನ್ನು ಒಳಗಿನಿಂದ ಯಾರೂ ಶುರು ಮಾಡಿಲ್ಲ, ಹಾಗಾಗಿ ಸಿಜಿನ್ಯಾಟ್ ಪಟ್ಟಿಯಲ್ಲಿ ಸಾಲಿಲ್ಲ. ಆ ಒಂದು ವಿಳಾಸದ ಹಿಂದೆ ಬಹಳ ಗ್ರಾಹಕರಿದ್ದಾರೆ. ಅವರಲ್ಲಿ ಯಾರ ಮನೆಯ 8000? ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ನಮ್ಮ ಪೋರ್ಟ್ ಫಾರ್ವರ್ಡಿಂಗ್ ನಿಯಮ ಇರುವುದು ನಮ್ಮ ರೂಟರ್‌ನ ಪಟ್ಟಿಯಲ್ಲಿ. ಬೇಕಾಗಿದ್ದದ್ದು ಸಿಜಿನ್ಯಾಟ್ ಪಟ್ಟಿಯಲ್ಲಿ ಒಂದು ಸಾಲು. ಡಿಎಂಝಡ್ ಕೂಡ ನಮ್ಮ ರೂಟರ್‌ನದೇ ಪಟ್ಟಿ, ಹೊಸ ರೂಟರ್ ತಂದರೂ ಅಷ್ಟೇ. ಹುಡುಗ ಏನು ಮಾಡಿದರೂ ಆಗದೇ ಹೋದದ್ದು ಇದಕ್ಕೆ.

ಆಪರೇಟರ್ ಮನಸ್ಸು ಮಾಡಿದರೆ ಆ ಸಾಲು ಹಾಕಬಹುದು. ಗ್ರಾಹಕನ ರೂಟರೇ ಅದನ್ನು ಕೇಳಿಕೊಳ್ಳಲು ಪಿಸಿಪಿ ಎಂಬ ವಿಧಾನವೂ 2013ರಿಂದ ಇದೆ. ಮನೆ ಗ್ರಾಹಕರಿಗೆ ಅದನ್ನು ಆನ್ ಮಾಡಿಕೊಡುವ ಕಂಪನಿ ಸಿಗುವುದು ಅಪರೂಪ. ಕೊಟ್ಟರೂ ಒಂದು ವಿಳಾಸಕ್ಕೆ 8000 ಇರುವುದು ಒಂದೇ. ಅದು ಒಬ್ಬರಿಗೆ ಹೋದರೆ ಉಳಿದವರಿಗೆ ಇಲ್ಲ.

ಹಳೆಯ ಪ್ಲ್ಯಾನ್‌ನಲ್ಲಿ ಇಲ್ಲದ್ದು ಹೊಸದರಲ್ಲಿ ಯಾಕೆ?

ಮಾಲೀಕರು ಕೇಳಿದ್ದು ಇದನ್ನೇ. ಉತ್ತರ ವಿಳಾಸಗಳ ಬರದಲ್ಲಿದೆ. ಐಪಿವಿ4ರಲ್ಲಿ ಒಟ್ಟು ವಿಳಾಸ ಸುಮಾರು 430 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಟ್ಟಿಗೆ ಕೈಹಾಕಿ ಪಡಿತರ ಶುರು ಮಾಡಿತು. ಮೊದಲು ಒಬ್ಬ ಹೊಸ ಸದಸ್ಯನಿಗೆ ಹೆಚ್ಚೆಂದರೆ 1024 ವಿಳಾಸ ಎಂದಿತ್ತು. 2019ರಿಂದ ಅದು 512ಕ್ಕೆ ಇಳಿಯಿತು.

ತಾಲ್ಲೂಕು ಮಟ್ಟದಲ್ಲಿ ಈಗ ಫೈಬರ್ ಎಳೆಯುವ ಆಪರೇಟರ್‌ನ ಪರಿಸ್ಥಿತಿ ನೋಡಿ. ಸಾವಿರಾರು ಮನೆ, ಕೈಯಲ್ಲಿ ಕೆಲವು ನೂರು ವಿಳಾಸ. ಹಂಚಿಕೊಳ್ಳದೆ ಬೇರೆ ದಾರಿ ಇಲ್ಲ. ತಾಮ್ರದ ತಂತಿಯ ಕಾಲದಿಂದ ಇರುವ ಕಂಪನಿಗಳ ಹತ್ತಿರ ಆಗ ಸಿಕ್ಕ ವಿಳಾಸಗಳ ದೊಡ್ಡ ಗಂಟೇ ಇರುತ್ತದೆ. ಹಳೆಯ ಕನೆಕ್ಷನ್‌ನಲ್ಲಿ ಇವರಿಗೆ ಆಗಾಗ ಬದಲಾಗುವ, ಆದರೆ ತಮ್ಮ ಒಬ್ಬರದ್ದೇ ಆದ ಪಬ್ಲಿಕ್ ವಿಳಾಸ ಸಿಗುತ್ತಿದ್ದದ್ದು ಹಾಗೆ.

ಒಂದೇ ಕಂಪನಿಯಲ್ಲೂ ಪ್ಲ್ಯಾನ್ ಮೇಲೆ ಇದು ಬದಲಾಗುತ್ತದೆ. ನಮ್ಮ ಯೂಸರ್‌ನೇಮ್ ಲಾಗಿನ್ ಆದಾಗ ಅದಕ್ಕೆ ಯಾವ ಗುಂಪಿನಿಂದ ವಿಳಾಸ ಕೊಡಬೇಕೆಂದು ಕಂಪನಿಯ ಸರ್ವರ್ ತೀರ್ಮಾನಿಸುತ್ತದೆ. ಮನೆ ಪ್ಲ್ಯಾನ್ ಆದರೆ ಹಂಚಿಕೆಯ ಗುಂಪು, ಸ್ಟ್ಯಾಟಿಕ್ ಐಪಿ ತೆಗೆದುಕೊಂಡರೆ ಪಬ್ಲಿಕ್ ಗುಂಪು. ತಂತಿ ಅದೇ, ಡಬ್ಬಿ ಅದೇ. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ವಿಳಾಸ ಬಂದಿರುತ್ತದೆ.

ಕಸ್ಟಮರ್ ಕೇರ್‌ಗೆ ಫೋನ್

ಇಲ್ಲಿ ಕೇಳುವ ರೀತಿ ಮುಖ್ಯ. "ಪೋರ್ಟ್ ಓಪನ್ ಮಾಡಿಕೊಡಿ" ಎಂದರೆ "ನಮ್ಮ ಕಡೆ ಎಲ್ಲ ಪೋರ್ಟ್ ಓಪನ್ ಇದೆ ಸರ್, ನಿಮ್ಮ ರೂಟರ್ ನೋಡಿ" ಎಂಬ ಉತ್ತರ ಬರುತ್ತದೆ. ಹುಡುಗನಿಗೆ ಅದೇ ಬಂದಿತ್ತು. ಅವರ ಲೆಕ್ಕದಲ್ಲಿ ಅದು ನಿಜ ಕೂಡ, ಪೋರ್ಟ್‌ಗಳನ್ನು ಅವರು ಬ್ಲಾಕ್ ಮಾಡಿಲ್ಲ. ನಾನು ಹೀಗೆ ಕೇಳಿದೆ:

"ಮೇಡಂ, ನನ್ನ ರೂಟರ್‌ನ ವ್ಯಾನ್ ಐಪಿ 100.72 ಅಂತ ಶುರುವಾಗ್ತಿದೆ. ಈ ಪ್ಲ್ಯಾನ್ ಸಿಜಿನ್ಯಾಟ್ ಹಿಂದೆ ಇದೆ ಅಲ್ವಾ? ಪಬ್ಲಿಕ್ ಐಪಿ ಬೇಕಂದ್ರೆ ಯಾವ ಪ್ಲ್ಯಾನ್ ತಗೋಬೇಕು? ಐಪಿವಿ6 ಕೊಡ್ತೀರಾ?"

ಕರೆ ಟೆಕ್ನಿಕಲ್‌ನವರಿಗೆ ಹೋಯಿತು. ಅವರು ನೇರವಾಗಿ ಒಪ್ಪಿಕೊಂಡರು. ಈ ಪ್ಲ್ಯಾನ್‌ಗೆ ಸ್ಟ್ಯಾಟಿಕ್ ಐಪಿ ಇಲ್ಲ, ಬಿಸಿನೆಸ್ ಪ್ಲ್ಯಾನ್‌ಗೆ ಹೋಗಬೇಕು, ಅದರ ಮೇಲೆ ಐಪಿಗೆ ಬೇರೆ ಶುಲ್ಕ. ಐಪಿವಿ6 ಇನ್ನೂ ಕೊಡುತ್ತಿಲ್ಲ.

ಐಪಿವಿ6 ಇದ್ದಿದ್ದರೆ ನಾನು ಅದನ್ನೇ ಮೊದಲು ನೋಡುತ್ತಿದ್ದೆ. ಅಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಪಬ್ಲಿಕ್ ವಿಳಾಸ, ಫಾರ್ವರ್ಡಿಂಗ್ ಬೇಡ, ಫೈರ್‌ವಾಲ್‌ನಲ್ಲಿ ಒಂದು ಅನುಮತಿ ಸಾಕು. ಆದರೆ ಈ ಡಿವಿಆರ್‌ಗೆ ಐಪಿವಿ6 ಬರುತ್ತಲೂ ಇರಲಿಲ್ಲ. ತಯಾರಕರ ಕ್ಲೌಡ್ ಮೂಲಕ ನೋಡುವ ಸೌಲಭ್ಯವೂ ಈ ಹಳೆಯ ಮಾದರಿಯಲ್ಲಿರಲಿಲ್ಲ. ಹೊಸ ಡಿವಿಆರ್‌ಗಳಲ್ಲಿ ಅದು ಇರುತ್ತದೆ, ಡಿವಿಆರ್ ತಾನೇ ಹೊರಕ್ಕೆ ಹೋಗಿ ಸಂಪರ್ಕ ಹಿಡಿದಿಡುವುದರಿಂದ ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ.

ಒಳಗಿನಿಂದ ಹೊರಟರೆ ದಾರಿ ಇದೆ

ಪಟ್ಟಿಯಲ್ಲಿ ಸಾಲು ಬೀಳಬೇಕಾದರೆ ಒಳಗಿನಿಂದ ಹೊರಡಬೇಕು. ಹಾಗಾದರೆ ಒಳಗಿನಿಂದಲೇ ಹೊರಡೋಣ. ಪಬ್ಲಿಕ್ ವಿಳಾಸವಿರುವ ಒಂದು ಚಿಕ್ಕ ಬಾಡಿಗೆ ಸರ್ವರ್ ತೆಗೆದುಕೊಂಡು, ಅಂಗಡಿಯ ರೂಟರ್‌ನಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ ಹಾಕಿದೆವು. ಮಾಲೀಕರ ಫೋನೂ ಅದೇ ಸರ್ವರಿಗೆ ಸೇರುತ್ತದೆ. ಅಂಗಡಿಯ ಕಡೆಯ ಮುಖ್ಯ ಭಾಗ ಇಷ್ಟೇ:

```
[Peer]
PublicKey = <ಸರ್ವರ್‌ನ ಕೀ>
Endpoint = 198.51.100.10:51820
AllowedIPs = 10.66.0.0/24
PersistentKeepalive = 25
```

ಸರ್ವರ್‌ನಲ್ಲಿ ಅಂಗಡಿಯ ಹೆಸರಿನ ಕೆಳಗೆ `AllowedIPs = 10.66.0.2/32, 192.168.1.64/32` ಎಂದು ಬರೆದು, `net.ipv4.ip_forward=1` ಮಾಡಬೇಕು. ಫೋನಿನಲ್ಲಿ `10.66.0.0/24` ಜೊತೆಗೆ ಡಿವಿಆರ್ ಒಂದರ ವಿಳಾಸ ಮಾತ್ರ ಸೇರಿಸಿದರೆ, ಫೋನಿನ ಉಳಿದ ಇಂಟರ್‌ನೆಟ್ ಮಾಮೂಲಿ ದಾರಿಯಲ್ಲೇ ಹೋಗುತ್ತದೆ. ಅಂಗಡಿಯ ರೂಟರ್‌ನ ಫೈರ್‌ವಾಲ್ ಸುರಂಗದಿಂದ ಒಳಗಿನ ಜಾಲಕ್ಕೆ ಬಿಡುವಂತೆ ಇರಬೇಕು. ಇಲ್ಲದಿದ್ದರೆ ಸುರಂಗ ಸೇರಿದ ಹಾಗೆ ಕಾಣುತ್ತದೆ, ಕ್ಯಾಮೆರಾ ಬರುವುದಿಲ್ಲ.

ಸೇರಿದ ಮೇಲೆ ಸರ್ವರ್‌ನಲ್ಲಿ `wg show` ಹೊಡೆದೆ.

```
peer: <ಅಂಗಡಿಯ ಕೀ>
  endpoint: 203.0.113.77:31907
  latest handshake: 14 seconds ago
```

ಅಂಗಡಿಯ ರೂಟರ್ ಹೊರಟದ್ದು 51820ರಿಂದ. ಸರ್ವರಿಗೆ ಕಂಡದ್ದು 31907. ನಡುವೆ ಬದಲಾಯಿಸಿದ್ದು ಸಿಜಿನ್ಯಾಟ್. ಅದರ ಪಟ್ಟಿಯ ನಮ್ಮ ಸಾಲು ಇಲ್ಲಿ ಕಣ್ಣೆದುರೇ ಇತ್ತು. ಕನೆಕ್ಷನ್ ಕಡಿದು ಮತ್ತೆ ಬಂದಾಗ ಪೋರ್ಟ್ ಬೇರೆಯಾಯಿತು. ವೈರ್‌ಗಾರ್ಡ್ ಹೊಸ ಜಾಗವನ್ನು ತಾನೇ ಗುರುತಿಸಿಕೊಳ್ಳುತ್ತದೆ, ಡಿಡಿಎನ್‌ಎಸ್ ಬೇಕಾಗಿಲ್ಲ.

ಅಂಗಡಿಯ ಕಡೆ ಬರೆದ PersistentKeepalive ಸಾಲಿನ 25ನ್ನು ಮರೆತರೆ ಕಷ್ಟ. ವೈರ್‌ಗಾರ್ಡ್ ಓಡುವುದು ಯುಡಿಪಿ ಎಂಬ ವಿಧಾನದಲ್ಲಿ, ಓಡಾಟವಿಲ್ಲದ ಯುಡಿಪಿ ಸಾಲನ್ನು ನ್ಯಾಟ್ ಸ್ವಲ್ಪ ಹೊತ್ತಿಗೆ ಅಳಿಸಿಬಿಡುತ್ತದೆ. ಕನಿಷ್ಠ ಎರಡು ನಿಮಿಷವಾದರೂ ಇಡಬೇಕು ಎನ್ನುತ್ತದೆ ಆರ್‌ಎಫ್‌ಸಿ 4787, ಅದಕ್ಕಿಂತ ಬೇಗ ಅಳಿಸುವ ಯಂತ್ರಗಳೂ ಇವೆ. ಸಾಲು ಅಳಿಸಿಹೋದರೆ ಸರ್ವರ್ ಎಷ್ಟು ಕರೆದರೂ ಅಂಗಡಿಗೆ ಕೇಳುವುದಿಲ್ಲ, ಮತ್ತೆ ಮೊದಲಿನ ಸ್ಥಿತಿಯೇ. 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತಿದ್ದರೆ ಸಾಲು ಉಳಿಯುತ್ತದೆ. ಹಗಲೆಲ್ಲ ಸರಿಯಿದ್ದು ರಾತ್ರಿ ಸಿಗುವುದಿಲ್ಲ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಈ ಸಾಲನ್ನೇ.

ಈ ದಾರಿಗೂ ಮಿತಿ ಇದೆ. ವಿಡಿಯೊ ಎಲ್ಲ ಬಾಡಿಗೆ ಸರ್ವರ್ ಸುತ್ತಿ ಬರುತ್ತದೆ. ಸರ್ವರ್ ದೂರದ ದೇಶದಲ್ಲಿದ್ದರೆ ಚಿತ್ರ ತಡವಾಗುತ್ತದೆ, ಅದಕ್ಕೆ ಭಾರತದೊಳಗಿನದ್ದೇ ಆರಿಸಿದೆವು. ಅಂಗಡಿಯ ಅಪ್‌ಲೋಡ್ ವೇಗ ಎಷ್ಟಿದೆಯೋ ಅಷ್ಟೇ. ಮಾಲೀಕರು ಇರುವ ಮನೆಯ ವೈಫೈನಲ್ಲೂ `192.168.1.64` ಎಂಬ ಸಾಧನವಿದ್ದರೆ, ಸುರಂಗ ಆನ್ ಇದ್ದಷ್ಟು ಹೊತ್ತು ಅದು ಅವರ ಫೋನಿಗೆ ಸಿಗುವುದಿಲ್ಲ. ಅಂಥ ಕಡೆ ಡಿವಿಆರ್‌ನ ವಿಳಾಸ ಬದಲಾಯಿಸುವುದು ಸುಲಭ.

ಒಂದು ಲಾಭವನ್ನೂ ಹೇಳಲೇಬೇಕು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ಕ್ಯಾಮೆರಾ ಮತ್ತು ಡಿವಿಆರ್‌ಗಳಿಗೆ ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿಯೇ ನುಗ್ಗಿತ್ತು. ಈ ಮಂಡಿಯ ಡಿವಿಆರ್‌ಗೆ ವರ್ಷಗಳಿಂದ ಅಪ್‌ಡೇಟ್ ಬಂದಿಲ್ಲ. ಹಳೆಯ ಕನೆಕ್ಷನ್‌ನಲ್ಲಿ ಅದರ 8000 ಇಡೀ ಜಗತ್ತಿಗೆ ತೆರೆದಿತ್ತು. ಈಗ ಕೀ ಇರುವ ಫೋನಿಗೆ ಮಾತ್ರ ಕಾಣುತ್ತದೆ. ಹಾಗಾಗಿ ರೂಟರ್‌ನಲ್ಲಿದ್ದ ಫಾರ್ವರ್ಡಿಂಗ್ ನಿಯಮ, ಡಿಎಂಝಡ್, ಯುಪಿಎನ್‌ಪಿ ಮೂರನ್ನೂ ತೆಗೆಸಿದೆ. ಈಗ ಅವು ಏನೂ ಮಾಡದಿದ್ದರೂ, ಮುಂದೆ ಇವರು ಪಬ್ಲಿಕ್ ಐಪಿ ಇರುವ ಪ್ಲ್ಯಾನ್‌ಗೆ ಹೋದ ದಿನ ಅದೇ ನಿಯಮಗಳು ಡಿವಿಆರನ್ನು ಮತ್ತೆ ಹೊರಗಿಟ್ಟುಬಿಡುತ್ತಿದ್ದವು.